ಕಥೆ ಹೋಗಿ ‘ಕಧೆ’ ಆದದ್ದು: ಮುಂದಿನ ಇಂಟರ್ನ್‌ಗೆ ಕೈಪಿಡಿ, ನಾಲ್ಕನೇ ಕಂತು

ಕೊನೆಗೂ ಆ ಒಂದು ಹಂತ ಬಗೆಹರಿಯಿತು. ಬಸವನಗುಡಿಯ ನಮ್ಮ ಪುಟ್ಟ ಲೈಬ್ರರಿಯಲ್ಲಿ ಹಳೇ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪಠ್ಯ ತೆಗೆಯುವ ಕೆಲಸ ನಡೆಯುತ್ತಿರುವುದು ನಿಮಗೆ ಗೊತ್ತು. ನನ್ನ ಇಂಟರ್ನ್‌ಶಿಪ್ ಈ ತಿಂಗಳಿಗೆ ಮುಗಿಯುತ್ತದೆ. ಮುಂದೆ ಬರುವವರು ಯಾರನ್ನೂ ಕೇಳದೆ ಕೆಲಸ ಮುಂದುವರಿಸುವ ಹಾಗೆ ಕೈಪಿಡಿ ಬರೆಯುತ್ತಿದ್ದೇನೆ. ಸ್ಕ್ಯಾನ್, ಪುಟ ಸೀಳುವುದು, ಓರೆ ತಿದ್ದುವುದು ಇವೆಲ್ಲ ಸಲೀಸಾಗಿ ಬರೆದಾಯಿತು. ಸಿಕ್ಕಿಕೊಂಡಿದ್ದು ಒಂದೇ ಕಡೆ, ಸ್ಕ್ಯಾನ್ ಆದ ಪುಟ ಶುಚಿ ಮಾಡುವ ಸ್ಕ್ಯಾನ್‌ಟೇಲರ್ ಸಾಫ್ಟ್‌ವೇರ್‌ನಲ್ಲಿ ಚುಕ್ಕೆ ಅಳಿಸುವಲ್ಲಿ.

ಹಿಂದಿನವರಿಂದ ಬಂದ ಹಾಳೆಯಲ್ಲಿ ಒಂದೇ ಸಾಲಿತ್ತು: ‘ಪುಟ ಶುಚಿ ಮಾಡಿ, ಆಮೇಲೆ ಓಸಿಆರ್ ಓಡಿಸಿ.’ ಕ್ಯಾಟಲಾಗ್ ಕೆಲಸಕ್ಕೆ ಬರುವ ಕಾಲೇಜು ಹುಡುಗನ ಕೈಗೆ ಆ ಹಾಳೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ಕೂತೆ. ಅವನು ಚುಕ್ಕೆ ಅಳಿಸುವುದನ್ನು ಪೂರ್ತಿ ಜೋರಿಗೆ ಇಟ್ಟ. ಪುಟ ಬೆಳ್ಳಗೆ ಥಳಥಳ ಹೊಳೆಯಿತು. ಓಸಿಆರ್ ಓಡಿಸಿ ಪಠ್ಯ ತೆಗೆದು ನೋಡಿದರೆ ‘ಕಥೆ’ ಇರಬೇಕಾದಲ್ಲೆಲ್ಲ ‘ಕಧೆ’!

ಕಾರಣ ಸರಳ. ಥ ಮತ್ತು ಧ ನಡುವೆ ಇರುವುದು ಹೊಟ್ಟೆಯೊಳಗಿನ ಆ ಒಂದು ಚುಕ್ಕೆ ಮಾತ್ರ. ಅದು ಹೋದರೆ ಥ, ಧ ಆಗುತ್ತದೆ. ಠ ಅಕ್ಷರದ ಚುಕ್ಕೆ ಹೋದರೆ ರ ಅಕ್ಷರದ ಹಾಗೆ ಕಾಣುತ್ತದೆ. ಅರ್ಧ ಮಿಲಿಮೀಟರ್ ಚುಕ್ಕೆ 300 ಡಿಪಿಐನಲ್ಲಿ ಸುಮಾರು 6 ಪಿಕ್ಸೆಲ್ ಅಷ್ಟೇ. ಹಳೇ ಕಾಗದದ ಕಲೆಯೂ ಅಷ್ಟೇ ಗಾತ್ರ. ಸಾಫ್ಟ್‌ವೇರ್‌ಗೆ ಎರಡೂ ಒಂದೇ.

ಹುಡುಗ ಕೇಳಿದ, “ಅಕ್ಕಾ, ಯಾವುದು ಕೊಳೆ, ಯಾವುದು ಅಕ್ಷರ ಅಂತ ಇದ್ರಲ್ಲಿ ಬರ್ದೇ ಇಲ್ವಲ್ಲ?” ಸರಿಯಾದ ಪ್ರಶ್ನೆ ಅಲ್ವಾ? ಕಣ್ಣು ಪಳಗಿದವರಿಗೆ ಗೊತ್ತಾಗುವುದನ್ನು ಹೊಸಬರಿಗೆ ಹೇಗೆ ಹೇಳುವುದು ಅನ್ನುವುದರಲ್ಲೇ ನಾನು ಒದ್ದಾಡಿದ್ದು. ‘ಜಾಸ್ತಿ ಅಳಿಸಬೇಡಿ’ ಎಂದು ಬರೆದರೆ ಜಾಸ್ತಿ ಎಂದರೆ ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಈಗ ಬರೆದಿರುವುದು ಹೀಗೆ. ಚುಕ್ಕೆ ಅಳಿಸುವುದನ್ನು ಅತಿ ಕಡಿಮೆ ಮಟ್ಟದಲ್ಲಿಡಿ. Output ಹಂತದಲ್ಲಿ Despeckling ಟ್ಯಾಬ್ ತೆರೆಯಿರಿ. ಅಳಿಸಿದ್ದನ್ನೆಲ್ಲ ಅಲ್ಲಿ ಬಣ್ಣ ಹಚ್ಚಿ ತೋರಿಸುತ್ತದೆ. ಪುಟ ಹಿಗ್ಗಿಸಿ ಮೊದಲು ಥ, ಠ ಹುಡುಕಿ. ಅಕ್ಷರದ ಹೊಟ್ಟೆಯಲ್ಲಿ ಬಣ್ಣ ಕಂಡರೆ ಆ ಪುಟಕ್ಕೆ ಅಳಿಸುವುದನ್ನು ಪೂರ್ತಿ ನಿಲ್ಲಿಸಿ. ಬಣ್ಣ ಅಂಚಿನ ಖಾಲಿ ಜಾಗದಲ್ಲಿ ಮಾತ್ರ ಇದ್ದರೆ ಮುಂದೆ ಹೋಗಿ. ಕಲೆ ಉಳಿದರೆ ಉಳಿಯಲಿ, ಕರಡು ತಿದ್ದುವಾಗ ಒಂದು ಕಲೆಯನ್ನು ತೆಗೆಯುವುದು ಸುಲಭ. ಹೋದ ಚುಕ್ಕೆ ವಾಪಸ್ ಬರಲ್ಲ.

ಇದರ ಜೊತೆಗೆ ಒಂದು ಮಾದರಿ ಪುಟವನ್ನೂ ಇಟ್ಟೆ. ಅದರಲ್ಲಿ ಕಥೆ, ರಥ, ಪಾಠ, ಮಠ ನಾಲ್ಕೂ ಇವೆ. ಹಾಳಾದ ಚಿತ್ರ, ಸರಿಯಾದ ಚಿತ್ರ, ಕೈಯಿಂದ ತಿದ್ದಿದ ಪಠ್ಯ ಮೂರೂ ಒಂದೇ ಕಡೆ. ಹೊಸಬರು ನಿಜವಾದ ಸಂಚಿಕೆ ಮುಟ್ಟುವ ಮುಂಚೆ ಓಸಿಆರ್ ಸಾಫ್ಟ್‌ವೇರ್ ಟೆಸರಾಕ್ಟ್‌ನಿಂದ ಇದರ ಪಠ್ಯ ತೆಗೆದು ಹೀಗೆ ಎಣಿಸಬೇಕು:

```
tesseract madari.tif madari -l kan --psm 6
grep -o 'ಕಥೆ' madari.txt | wc -l
grep -o 'ಕಧೆ' madari.txt | wc -l
```

ಎರಡನೇ ಎಣಿಕೆ ಸೊನ್ನೆ ಬರಬೇಕು. ಬರದಿದ್ದರೆ ಮತ್ತೆ Despeckling ಟ್ಯಾಬ್. ಮೊದಲ ಸಾಲಿನಲ್ಲೇ kan.traineddata ಸಿಗಲಿಲ್ಲ ಎಂದು ಗೊಣಗಿದರೆ ಕನ್ನಡ ಡೇಟಾ ಹಾಕಿಲ್ಲ ಎಂದರ್ಥ. tesseract --list-langs ಕೊಟ್ಟು ನೋಡಿ. ಹುಡುಗನಿಗೆ ಈ ಹಾಳೆ ಕೊಟ್ಟಾಗ ಒಂದೂ ಪ್ರಶ್ನೆ ಕೇಳದೆ ದಾಟಿದ. ಅವತ್ತಿನ ಸಂತೋಷ ಹೇಳತೀರದು.

ಕಲೆಯ ವಿಷಯ ಬಂದಾಗ ಗಾಜಿನ ಮಾತು ಬಿಡಲಾರೆ. ಪುಟದ ಮೇಲಿಡಲು ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ ಹೊಳಪಿಲ್ಲದ ಗಾಜು ಆರ್ಡರ್ ಮಾಡಿದ್ದೆ. ಕೊಟ್ಟಿದ್ದು ಮಾಮೂಲಿ ಗಾಜು, ಅದೂ ಗೀರು ಬಿದ್ದದ್ದು. ಬದಲಾಯಿಸಿ ಎಂದರೆ “ನಾಳೆ ಬನ್ನಿ ಮೇಡಂ” ಅಷ್ಟೇ. ನಾಳೆ ಇನ್ನೂ ಬಂದಿಲ್ಲ! ಆದರೆ ಅದರಿಂದ ಕೈಪಿಡಿಗೆ ಒಂದು ಸಾಲು ಸಿಕ್ಕಿತು: ಒಂದೇ ಕಲೆ ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿ ಬಂದರೆ ಅದು ಕಾಗದದ್ದಲ್ಲ, ಗಾಜಿನದು. ಸ್ಕ್ಯಾನ್ ನಿಲ್ಲಿಸಿ ಒರೆಸಿ. ಒರೆಸಿದರೂ ಹೋಗದಿದ್ದರೆ ಗೀರು, ಗಾಜು ಬದಲಿಸಿ.

ಇದರ ನಡುವೆ ಮುಂದಿನ ಯೋಜನೆ ತಲೆಯಲ್ಲಿ ಕೊರೆಯುತ್ತಿದೆ. ಕಪಾಟಿನ ಮೇಲಿನ ಅರೆಯಲ್ಲಿ ಹಳಗನ್ನಡ ಪದ್ಯಗಳ ಸಂಗ್ರಹವಿದೆ, ಅದರಲ್ಲಿ ೞ, ಱ ಅಕ್ಷರಗಳಿವೆ. ಅವನ್ನು ಟೆಸರಾಕ್ಟ್ ಗುರುತಿಸುತ್ತದಾ, ಇಲ್ಲ ಳ, ರ ಮಾಡಿಬಿಡುತ್ತದಾ? ಹತ್ತು ಪುಟ ಓಡಿಸಿ ನೋಡುವ ಆಸೆ. ಯಾರಾದರೂ ಮಾಡಿದ್ದರೆ ಹೇಳಿ.

ಕೈಪಿಡಿಯಲ್ಲಿ ಇನ್ನು ಬಾಕಿ ಇರುವುದು ಯಾವ ಸಂಚಿಕೆ ಯಾವ ಹಂತದಲ್ಲಿದೆ ಎಂಬ ಪಟ್ಟಿ. ಅದರಲ್ಲಿ ‘ಅರ್ಧ ಆಗಿದೆ’ ಎಂದು ಎಲ್ಲೂ ಬರೆಯುವುದಿಲ್ಲ. ‘41ನೇ ಪುಟದವರೆಗೆ ಕರಡು ತಿದ್ದಿದೆ, 42ರಿಂದ ಶುರು ಮಾಡಿ’ ಎಂದು ಬರೆಯುತ್ತಿದ್ದೇನೆ. ಮೂಲ ಸ್ಕ್ಯಾನ್‌ಗಳಿರುವ ಫೋಲ್ಡರ್‌ಗೆ ಓದಲು ಮಾತ್ರ ಅನುಮತಿ ಕೊಟ್ಟು, ತಿದ್ದಿದ್ದಕ್ಕೆಲ್ಲ ಬೇರೆ ಫೋಲ್ಡರ್ ಮಾಡಿದ್ದೇನೆ. ಹೊಸಬರು ಸೋಮವಾರ ಬರುತ್ತಾರೆ.