“ನೀವು ಕೇಳಿದ್ದು ಒಟ್ಟು ಬೆಲೆ ತಾನೇ?”

ಮಂಗಳವಾರದಿಂದ ಈ ಒಂದು ಮಾತು ತಲೆಯಿಂದ ಹೋಗ್ತಾ ಇಲ್ಲ.

ಮನೆ, ಜಾಗ ಪಾಲು ಮಾಡಿಕೊಳ್ಳೋಣ ಅಂತ ನಾನೂ ಅಕ್ಕನೂ ಒಪ್ಪಿದ್ದೆವು. ಮುಂದಿನ ಮನೆ ನನಗೆ, ಹಿಂದಿನ ಖಾಲಿ ಜಾಗ ಅಕ್ಕನಿಗೆ, ಬೆಲೆಯಲ್ಲಿ ಬರುವ ವ್ಯತ್ಯಾಸ ನಾನು ದುಡ್ಡಾಗಿ ಕೊಡುವುದು. ವ್ಯಾಲ್ಯುಯರ್‌ಗೆ ಫೋನಿನಲ್ಲೇ “ಬೆಲೆ ಕಟ್ಟಿಕೊಡಿ” ಅಂದಿದ್ದೆ. ವರದಿ ಬಂತು. ಅಕ್ಕ ಪೂರ್ತಿ ಓದಿ, “ನನ್ನ ಜಾಗದ ಬೆಲೆ ಎಲ್ಲಿದೆಯೋ?” ಅಂದಳು. ಇರಲಿಲ್ಲ. ಫೋನ್ ಮಾಡಿದರೆ ಅವರು ಮೆಲ್ಲಗೆ ಕೇಳಿದರು: “ನೀವು ಕೇಳಿದ್ದು ಒಟ್ಟು ಬೆಲೆ ತಾನೇ?”

ಅವರದ್ದು ತಪ್ಪಿಲ್ಲ. ಒಳ್ಳೆಯ ಕೆಲಸಗಾರರೇ. ಆದರೆ ಕೆಲಸ ಶುರುವಾಗುವ ಮೊದಲೇ ಅವರೂ ಒಂದು ಪ್ರಶ್ನೆ ಕೇಳಬಹುದಿತ್ತು ಅನ್ನಿಸುತ್ತೆ.

ನಮ್ಮದು 40 ಅಡಿ ಅಗಲ, 60 ಅಡಿ ಉದ್ದದ ಜಾಗ. ಮುಂದೆ 1,400 ಚದರ ಅಡಿ, ಹಿಂದೆ 1,000. ವರದಿ 2,400 ಚದರ ಅಡಿಗೂ ಒಂದೇ ದರ ಹಾಕಿದೆ. ಆದರೆ ರಸ್ತೆ ಇರುವುದು ಮುಂದೆ ಮಾತ್ರ. ದಾರಿ ಬಿಡದಿದ್ದರೆ ಹಿಂದಿನ ಜಾಗವನ್ನು ನಾನಲ್ಲದೆ ಯಾರು ಕೊಳ್ಳುತ್ತಾರೆ? ಮನೆ ಪಕ್ಕದಲ್ಲಿ 10 ಅಡಿ ದಾರಿ ಬಿಟ್ಟರೆ ನನ್ನ ಭಾಗದಲ್ಲಿ 350 ಚದರ ಅಡಿ ಹೋಗುತ್ತೆ. ಆ ದಾರಿ ಅಕ್ಕನ ಹೆಸರಿಗೆ ಹೋದರೆ ಅವಳದ್ದು ಕಾಗದದಲ್ಲಿ 1,350, ಕಟ್ಟಲು ಸಿಗುವುದು 1,000 ಮಾತ್ರ. ಬರೀ ಓಡಾಡುವ ಹಕ್ಕು ಕೊಟ್ಟರೆ ನೆಲ ನನ್ನದೇ, ಆದರೆ ನಾನೂ ಅಲ್ಲಿ ಏನೂ ಕಟ್ಟುವ ಹಾಗಿಲ್ಲ. ಎರಡರಲ್ಲೂ ಪಾಲಿನ ಲೆಕ್ಕ ಬೇರೆ. ಒಟ್ಟು ಬೆಲೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

ನನ್ನ ಹಳೇ ಸಾಲದ ವರದಿಯೇ ಸಾಕು ಅಂತ ನೆಂಟರೊಬ್ಬರು ಹೇಳಿದ್ದರು. ಸುಮ್ನೆ ಹೇಳಿದ್ದು ಅದು. ಆ ವರದಿ ಬರೆದಿದ್ದು ಬ್ಯಾಂಕಿಗೆ. ಅದರಲ್ಲಿ ಅವಸರದಲ್ಲಿ ಮಾರಿದರೆ ಎಷ್ಟು ಬರಬಹುದು ಅನ್ನುವ ಕಡಿಮೆ ಬೆಲೆಯೂ ಒಂದಿತ್ತು. ಅದನ್ನು ಹಿಡಿದು ಅಕ್ಕನಿಗೆ ಲೆಕ್ಕ ಕೊಟ್ಟಿದ್ದರೆ ಮೋಸವಾಗುತ್ತಿತ್ತು. ಸಾಲಕ್ಕಾದರೆ ವ್ಯಾಲ್ಯುಯರ್ ಯಾರು, ವರದಿ ಯಾವ ನಮೂನೆಯಲ್ಲಿರಬೇಕು ಅಂತ ಬ್ಯಾಂಕನ್ನೇ ಮೊದಲು ಕೇಳಬೇಕು. ಪಾಲಿಗಾದರೆ ಏನೇನು ಬೇಕು ಅಂತ ನಾವೇ ಬರೆದುಕೊಡಬೇಕು.

ಈ ಸಲ ಇಬ್ಬರೂ ಸಹಿ ಹಾಕಿ ಪತ್ರ ಬರೆದೆವು. ವರದಿ ಇಬ್ಬರ ಹೆಸರಿಗೂ ಬರಬೇಕು. ಬೆಲೆ ಎರಡೂ ಭಾಗಕ್ಕೆ ಒಂದೇ ದಿನಾಂಕದ ಮಾರುಕಟ್ಟೆ ಬೆಲೆಯಾಗಿರಬೇಕು. ಆಸ್ತಿ ಪತ್ರದಲ್ಲಿರುವ ಅಳತೆ ನಂಬದೆ, ನಮ್ಮಿಬ್ಬರ ಎದುರು ಟೇಪ್ ಹಿಡಿದು ಅಳೆಯಬೇಕು. ನೆಲದ ಬೆಲೆ, ಕಟ್ಟಡದ ಬೆಲೆ ಬೇರೆ ಬೇರೆ ಕಾಣಬೇಕು. ಯಾವ ಮಾರಾಟಗಳನ್ನು ನೋಡಿ ದರ ಹಿಡಿದರು, ನಮ್ಮ ಜಾಗಕ್ಕೆ ಹೋಲಿಸಿ ಎಷ್ಟು ಹೆಚ್ಚು ಕಡಿಮೆ ಮಾಡಿದರು ಅನ್ನುವುದೂ ಬೇಕು. ದಾರಿ ಅಕ್ಕನ ಹೆಸರಿಗಾದರೆ ಒಂದು ಲೆಕ್ಕ, ಬರೀ ಹಕ್ಕಾದರೆ ಇನ್ನೊಂದು. ಮೊದಲು ಕರಡು ಕಳಿಸಬೇಕು, ಅಳತೆಯ ತಪ್ಪಿದ್ದರೆ ಹೇಳಲು.

ಅವರು ಒಪ್ಪಿದರು. ನಿನ್ನೆ ಬಂದು ಅಳೆದರು. ಟೇಪಿನ ಒಂದು ತುದಿ ಅಕ್ಕ ಹಿಡಿದಿದ್ದಳು. ಮಹಡಿ ಮೆಟ್ಟಿಲ ಹತ್ತಿರ ದಾರಿ 10 ಅಡಿ ಇಲ್ಲ, 9 ಅಡಿಯೇ ಇರುವುದು.