ಬ್ಯಾಡಗಿ ದರಪಟ್ಟಿಯಲ್ಲಿ ಅತಿ ಉದ್ದದ ಬೆಟ್ಟ: ಕೆಲಸ ಎಲ್ಲಿಗೆ ಬಂತು

ಬ್ಯಾಡಗಿ ಮಾರುಕಟ್ಟೆಯ ಒಣ ಮೆಣಸಿನಕಾಯಿ ದರಗಳನ್ನು ಒಂದು ಫೈಲಿನಲ್ಲಿ ಕೂಡಿಹಾಕುವ ಕೆಲಸ ಮುಗಿದಿದೆ. ಈಗಿನದು ಕಾಕಾ ಕೇಳಿದ ಪ್ರಶ್ನೆ: "ದರ ಎಡೆಬಿಡದೆ ಏರಿ, ತುದಿ ಮುಟ್ಟಿ, ಮತ್ತೆ ಎಡೆಬಿಡದೆ ಇಳಿದದ್ದು ಎಲ್ಲಕ್ಕಿಂತ ಉದ್ದವಾಗಿ ಯಾವಾಗ?" ಹಾವೇರಿ ಜಿಲ್ಲೆಯಲ್ಲಿ ಮೆಣಸಿನಕಾಯಿ ಬೆಳೆದವರಿಗೆ ಇದು ಸಹಜವಾದ ಕುತೂಹಲ. ಪ್ರೋಗ್ರಾಮ್ ಬರೆಯುವವರಿಗೆ ಇದು ಹಳೆಯ ಲೆಕ್ಕ: ಸಂಖ್ಯೆಗಳ ಸರಣಿಯೊಂದರಲ್ಲಿ ಅತಿ ಉದ್ದದ ಬೆಟ್ಟವನ್ನು ಹುಡುಕುವುದು. ಬೆಟ್ಟಕ್ಕೆ ಕನಿಷ್ಠ ಮೂರು ಸಂಖ್ಯೆಗಳು ಬೇಕು, ಏರು ಮತ್ತು ಇಳಿಜಾರು ಎರಡೂ ಇರಬೇಕು, ನಡುವೆ ಎಲ್ಲಿಯೂ ಒಂದೇ ದರ ಎರಡು ಸಲ ಸಾಲಾಗಿ ಬರಬಾರದು.

ಈ ಕೊನೆಯ ಷರತ್ತು ಬೇಕೇ ಎಂದು ಕಾಕಾನನ್ನೇ ಕೇಳಿದೆ. "ದರ ನಿಂತರೆ ನಿಂತಂತೆಯೇ ತಮ್ಮಾ. ಅದನ್ನು ಏರಿಕೆ ಎಂದು ಯಾರಾದರೂ ಬರೆಯುತ್ತಾರೆಯೇ?" ಎಂದರು. ಅಲ್ಲಿಗೆ ನಿಯಮ ಖಚಿತವಾಯಿತು.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಎಂದರೆ ತುದಿಗಳನ್ನು ಗುರುತಿಸಿ, ಪ್ರತಿ ತುದಿಯಿಂದ ಎಡಕ್ಕೂ ಬಲಕ್ಕೂ ಇಳಿದು ಅಳೆಯುವುದು. ಅದು ತಪ್ಪಲ್ಲ. ಆದರೆ ಮಾರುಕಟ್ಟೆ ನಡೆದ ದಿನವೆಲ್ಲ ಫೈಲಿಗೆ ಒಂದು ಸಾಲು ಸೇರುತ್ತದೆ, ಪ್ರತಿ ಸಲವೂ ಹಳೆಯ ಸಾಲುಗಳಿಗೆ ಹಿಂದಿರುಗಿ ಹೋಗುವುದು ನನಗೆ ಬೇಡವಾಗಿತ್ತು. ಒಂದೇ ಓಟದ ಲೆಕ್ಕದಲ್ಲಿ ಹಿಂದಿನ ದರ, ಎರಡು ಎಣಿಕೆಗಳು ಮತ್ತು ಈವರೆಗಿನ ಉತ್ತರ, ಇಷ್ಟನ್ನು ನೆನಪಿಟ್ಟರೆ ಸಾಕು. ಇಂದಿನ ದರ ಬಂದ ಕೂಡಲೇ ಉತ್ತರವೂ ಸಿದ್ಧ.

ಇಲ್ಲಿ ಎಣಿಸಬೇಕಾದದ್ದು ದರಗಳನ್ನಲ್ಲ, ಎರಡು ದರಗಳ ನಡುವಿನ ಹೆಜ್ಜೆಗಳನ್ನು. `up` ಎಂದರೆ ಈಗಿನ ಬೆಟ್ಟದಲ್ಲಿ ಹತ್ತಿದ ಹೆಜ್ಜೆಗಳು, `down` ಎಂದರೆ ಇಳಿದ ಹೆಜ್ಜೆಗಳು. ಎರಡೂ ಸೊನ್ನೆಗಿಂತ ಹೆಚ್ಚಿದ್ದಾಗ ಮಾತ್ರ ಅದು ಬೆಟ್ಟ, ಅದರ ಉದ್ದ `up + down + 1`.

```python
def longest_mountain(a):
    best = up = down = 0
    for i in range(1, len(a)):
        if a[i] == a[i-1] or (down and a[i] > a[i-1]):
            up = down = 0
        if a[i] > a[i-1]:
            up += 1
        elif a[i] < a[i-1]:
            down += 1
        if up and down:
            best = max(best, up + down + 1)
    return best
```

ಮೊದಲ `if` ಸಾಲಿನಲ್ಲಿಯೇ ಎಲ್ಲ ಮರ್ಮವಿದೆ. ಹಳೆಯ ಬೆಟ್ಟವನ್ನು ಕೈಬಿಡಬೇಕಾದ ಸಂದರ್ಭಗಳು ಎರಡೇ: ದರ ನಿಂತಾಗ, ಅಥವಾ ಇಳಿಯುತ್ತಿದ್ದ ದರ ಮತ್ತೆ ಮೇಲೆದ್ದಾಗ. ಎರಡನೆಯ ಸಂದರ್ಭದಲ್ಲಿ ಎಣಿಕೆ ಸೊನ್ನೆಯಾದ ಬೆನ್ನಲ್ಲೇ ಅದೇ ಸುತ್ತಿನಲ್ಲಿ `up` ಒಂದಾಗುತ್ತದೆ. ಹೀಗಾಗಿ ಒಂದು ಬೆಟ್ಟ ಮುಗಿದ ಕಣಿವೆಯ ದರವೇ ಮುಂದಿನ ಬೆಟ್ಟದ ಮೊದಲ ದರವಾಗುತ್ತದೆ. ದರಗಳನ್ನೇ ಎಣಿಸಲು ಹೊರಟವರು ಈ ಕಣಿವೆಯ ದರವನ್ನು ಯಾವ ಬೆಟ್ಟಕ್ಕೆ ಸೇರಿಸುವುದೆಂದು ತಿಣುಕುತ್ತಾರೆ. ಹೆಜ್ಜೆ ಎಣಿಸಿದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಒಂದು ಸರಣಿಯನ್ನು ಕೈಯಾರೆ ನಡೆಸಿ ನೋಡೋಣ. ಇವು ಮಾರುಕಟ್ಟೆಯ ನಿಜ ದರಗಳಲ್ಲ, ಲೆಕ್ಕಕ್ಕಾಗಿ ನಾನು ಕಟ್ಟಿಕೊಂಡವು. ಕ್ವಿಂಟಲ್‌ಗೆ ಸಾವಿರ ರೂಪಾಯಿಗಳಲ್ಲಿ ಎಂದುಕೊಳ್ಳಿ.

```
21 23 26 26 25 22 24 27 29 28 24 24 30
```

21ರಿಂದ 26ಕ್ಕೆ ಎರಡು ಹೆಜ್ಜೆ ಏರು, `up` 2. ಮತ್ತೆ 26 ಬಂದಾಗ ಎರಡೂ ಸೊನ್ನೆ. ಮುಂದೆ 25, 22 ಎಂದು ಇಳಿದಾಗ `down` 2 ಆಗುತ್ತದೆ, ಆದರೆ `up` ಸೊನ್ನೆ ಇರುವುದರಿಂದ ಏನೂ ದಾಖಲಾಗುವುದಿಲ್ಲ. ನೆತ್ತಿ ಚಪ್ಪಟೆಯಾಗಿದ್ದರೆ ಅದು ಬೆಟ್ಟವೇ ಅಲ್ಲ ಎಂಬುದು ಹೀಗೆ ತಾನಾಗಿಯೇ ಜಾರಿಯಾಗುತ್ತದೆ. 24 ಬಂದಾಗ ಹಳೆಯ ಇಳಿಜಾರು ಅಳಿಸಿಹೋಗಿ `up` 1, ಮುಂದೆ 27, 29 ಬಂದು 3. 28ಕ್ಕೆ ಇಳಿದಾಗ ಉದ್ದ 5, 24ಕ್ಕೆ ಇಳಿದಾಗ 6. ಮತ್ತೊಂದು 24 ಬಂದು ಬೆಟ್ಟ ಮುಗಿಯಿತು. ಕೊನೆಯ 30 ಏರಿದರೂ ಅದರ ಮುಂದೆ ಇಳಿಜಾರಿಲ್ಲ. ಉತ್ತರ 6: ಅಂದರೆ 22, 24, 27, 29, 28, 24.

ಈ ಕೋಡ್ ನೋಡಿದ ಹುಬ್ಬಳ್ಳಿಯ ಗೆಳೆಯ, "ಸಮ ಬಂದರೆ ಸೊನ್ನೆ ಮಾಡುವ ಬದಲು ಸುಮ್ಮನೆ `continue` ಹಾಕಬಹುದಲ್ಲ?" ಎಂದ. ನೋಡಲು ನಿರುಪದ್ರವಿ ಸಲಹೆ. ಮೇಲಿನ ಸರಣಿಗೆ ಹಾಗೆ ಮಾಡಿದರೂ ಉತ್ತರ 6 ಎಂದೇ ಬರುತ್ತದೆ. ಅಪಾಯ ಇರುವುದು ಅಲ್ಲಿಯೇ. `1 2 2 1` ಕೊಟ್ಟು ನೋಡಿ. ಸರಿಯಾದ ಉತ್ತರ 0, ಆದರೆ `continue` ಇರುವ ಕೋಡ್ 3 ಎನ್ನುತ್ತದೆ. ಅದು ಸಡಿಲ ನಿಯಮದ ಉತ್ತರವೂ ಅಲ್ಲ, ಏಕೆಂದರೆ ಸಮತಟ್ಟನ್ನು ಒಪ್ಪಿಕೊಂಡರೆ ಅಲ್ಲಿ ನಾಲ್ಕು ದರಗಳಿವೆ. ಇಳಿಜಾರಿನಲ್ಲಿ ಸಮತಟ್ಟು ಇರುವ `1 3 2 2 1` ಕೂಡ ಹೀಗೆಯೇ: ಬರಬೇಕಾದದ್ದು 3, ಬರುವುದು 4. ಸಮತಟ್ಟು ಬುಡದಲ್ಲಿದ್ದರೆ ಮಾತ್ರ, ಉದಾಹರಣೆಗೆ `2 2 3 1`, ಎರಡೂ ಕೋಡುಗಳು ಒಂದೇ ಉತ್ತರ ಕೊಡುತ್ತವೆ. ಆದ್ದರಿಂದ ಪರೀಕ್ಷೆಗೆ ಸಮತಟ್ಟು ಇದ್ದರೆ ಸಾಲದು, ಅದು ನೆತ್ತಿಯಲ್ಲೋ ಇಳಿಜಾರಿನಲ್ಲೋ ಏರಿನಲ್ಲೋ ಇರಬೇಕು.

ಪರೀಕ್ಷೆಯ ಮಾತು ಬಂದದ್ದರಿಂದ, ಈ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗವನ್ನು ಹೇಳಿಬಿಡುತ್ತೇನೆ. ಈ ಕೋಡ್ ದರ ಎಷ್ಟಿದೆ ಎಂದು ನೋಡುವುದೇ ಇಲ್ಲ; ಪ್ರತಿ ಹೆಜ್ಜೆಯೂ ಏರೋ, ಇಳಿಯೋ, ಸಮವೋ ಎಂದಷ್ಟೇ ನೋಡುತ್ತದೆ. ಒಂಬತ್ತು ದರಗಳ ನಡುವೆ ಎಂಟು ಹೆಜ್ಜೆಗಳು, ಪ್ರತಿ ಹೆಜ್ಜೆಗೆ ಮೂರು ಸಾಧ್ಯತೆ, ಒಟ್ಟು 6561 ವಿನ್ಯಾಸಗಳು. ಪ್ರತಿ ವಿನ್ಯಾಸಕ್ಕೂ +1, -1, 0 ಕೂಡಿಸುತ್ತ ಹೋದರೆ ಒಂದು ಸರಣಿ ಸಿಗುತ್ತದೆ. ಎಲ್ಲ ತುಣುಕುಗಳನ್ನೂ ಒಂದೊಂದಾಗಿ ಪರಿಶೀಲಿಸುವ ನಿಧಾನದ ಕೋಡ್ ಒಂದನ್ನು ಪಕ್ಕದಲ್ಲಿಟ್ಟು, 6561ರಲ್ಲಿಯೂ ಎರಡರ ಉತ್ತರಗಳನ್ನು ಹೋಲಿಸಿದೆ. ಒಂದೂ ಬೇರೆಯಾಗಲಿಲ್ಲ. ಅಡ್ಡಾದಿಡ್ಡಿ ಸಂಖ್ಯೆಗಳನ್ನು ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಇದು ಗಟ್ಟಿಯಾದ ಪರೀಕ್ಷೆ. ದೊಡ್ಡ ಸಂಖ್ಯೆಗಳನ್ನು ಯದೃಚ್ಛೆಯಾಗಿ ಆರಿಸಿದರೆ ಸಮ ಹೆಜ್ಜೆ ಬರುವುದೇ ಅಪರೂಪ, `continue` ತಪ್ಪು ಸಿಕ್ಕಿಬೀಳದೆ ನುಸುಳಿಬಿಡುತ್ತದೆ.

ಇನ್ನು ಉಳಿದದ್ದು ಕೋಡಿನ ಹೊರಗಿನ ಮಾತು: ಸಮತಟ್ಟು ಎಲ್ಲಿಂದ ಬಂತು? ಮಾರುಕಟ್ಟೆಗೆ ರಜೆ ಇದ್ದ ದಿನಕ್ಕೆ ಹಿಂದಿನ ದಿನದ ದರವನ್ನೇ ತುಂಬಿಸಿದರೆ, ಪ್ರತಿ ರಜೆಯೂ ಒಂದು ಸುಳ್ಳು ಸಮತಟ್ಟಾಗಿ ಬೆಟ್ಟವನ್ನು ತುಂಡರಿಸುತ್ತದೆ. ಆದ್ದರಿಂದ ವಹಿವಾಟು ನಡೆದ ದಿನಗಳನ್ನಷ್ಟೇ ಇಟ್ಟುಕೊಂಡಿದ್ದೇನೆ. ದರವನ್ನು ನೂರು ರೂಪಾಯಿಗೆ ಸರಿಹೊಂದಿಸಿ ಬರೆದರೂ ಇದೇ ತೊಂದರೆ, ಸಣ್ಣ ಏರಿಕೆಗಳು ಸಮವಾಗಿಬಿಡುತ್ತವೆ. ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇದೆ. ಹಲವು ಲಾಟ್‌ಗಳ ಸರಾಸರಿಯನ್ನು ದಶಮಾಂಶದಲ್ಲಿ ಇಟ್ಟರೆ, ಸಮವಾಗಿರಬೇಕಾದ ಎರಡು ದರಗಳು ಎಲ್ಲೋ ಕೊನೆಯ ಅಂಕಿಯಲ್ಲಿ ಬೇರೆಯಾಗಿ, ಇಲ್ಲದ ಏರು ಹುಟ್ಟಿಕೊಳ್ಳುತ್ತದೆ. ಹೀಗಾಗಿ ಆ ದಿನ ಹೆಚ್ಚಿನ ವಹಿವಾಟು ನಡೆದ ದರವನ್ನು, ಅಂದರೆ ಮಾದರಿ ದರವನ್ನು, ಪೂರ್ಣ ರೂಪಾಯಿಯಲ್ಲಿ, ಪೂರ್ಣಾಂಕವಾಗಿಯೇ ಉಳಿಸಿದ್ದೇನೆ.

ಕಾಕಾನಿಗೆ ಉದ್ದ ಮಾತ್ರ ಸಾಲದು, ದಿನಾಂಕಗಳೂ ಬೇಕು. ಅದು ಸುಲಭ: ಬೆಟ್ಟದ ಕೊನೆ `i`, ಆರಂಭ `i - up - down`. ಮೇಲಿನ ಸರಣಿಯಲ್ಲಿ ಸೊನ್ನೆಯಿಂದ ಎಣಿಸಿದರೆ ಕೊನೆ 10, ಆರಂಭ 5. ಹೊಸ ಉದ್ದ ಹಳೆಯದಕ್ಕಿಂತ ನಿಜಕ್ಕೂ ಹೆಚ್ಚಿದ್ದಾಗ ಮಾತ್ರ ದಿನಾಂಕ ಬದಲಿಸುತ್ತೇನೆ, ಹಾಗಾಗಿ ಸಮ ಉದ್ದದ ಎರಡು ಬೆಟ್ಟಗಳಿದ್ದರೆ ಮೊದಲನೆಯದು ಉಳಿಯುತ್ತದೆ.

ಸದ್ಯ ಡಬ್ಬಿ ತಳಿಯ ದರಗಳು ಮಾತ್ರ ಈ ಲೆಕ್ಕಕ್ಕೆ ಸಿದ್ಧವಾಗಿವೆ. ಫೈಲಿನಲ್ಲಿ ಕಡ್ಡಿ ತಳಿಯ ಸಾಲುಗಳು ಅದರ ನಡುನಡುವೆ ಬೆರೆತಿದ್ದವು. ಬೇರ್ಪಡಿಸದೆ ಓಡಿಸಿದರೆ ಒಂದು ತಳಿಯಿಂದ ಇನ್ನೊಂದಕ್ಕೆ ನೆಗೆಯುವುದೇ ಏರಿಳಿತವಾಗಿ ಎಣಿಕೆಯಾಗುತ್ತದೆ. ಮುಂದಿನ ಕೆಲಸ ಕಡ್ಡಿಗೆ ಪ್ರತ್ಯೇಕವಾಗಿ `up`, `down` ಇಟ್ಟು, ಫೈಲನ್ನು ಒಂದೇ ಸಲ ಓದುತ್ತಲೇ ಎರಡೂ ತಳಿಗಳ ಬೆಟ್ಟಗಳನ್ನು ಅಕ್ಕಪಕ್ಕದಲ್ಲಿ ಅಳೆಯುವುದು.