ಮೇಲ್ಮನೆಯವರಿಗೆ ಬರೆದ ಬಾಡಿಗೆ ಪತ್ರ

2025ರ ಮೇ ತಿಂಗಳ ಕೊನೆಯ ಭಾನುವಾರ ನಾನು ಬೆಳಗಿನಿಂದ ಸಂಜೆಯವರೆಗೆ ಕುಳಿತು ಬರೆದದ್ದು ಒಂದೇ ಪುಟದ ಪತ್ರ. ಹನುಮಂತನಗರದ ನಮ್ಮ ಮನೆಯ ಮಹಡಿಯ ಮೇಲೆ ಒಂಬತ್ತು ವರ್ಷಗಳಿಂದ ಬಾಡಿಗೆಗಿರುವ ಕುಟುಂಬಕ್ಕೆ, ಬಾಡಿಗೆ ಹೆಚ್ಚಿಸುತ್ತಿದ್ದೇನೆ ಎಂದು ತಿಳಿಸುವ ಪತ್ರವದು. ಬಾಯಲ್ಲೇ ಹೇಳಿಬಿಡಬಹುದಿತ್ತು. ಆದರೆ ಮೆಟ್ಟಿಲ ಮೇಲೆ ನಿಂತು ಹೇಳಿದರೆ ಅವರು ಸಂಕೋಚಕ್ಕೆ ‘ಆಗಲಿ ಸಾರ್’ ಎಂದುಬಿಡುತ್ತಾರೆ. ಲೆಕ್ಕವನ್ನು ಕಾಗದದ ಮೇಲೆ ನೋಡಿ, ಗಂಡ ಹೆಂಡತಿ ಮಾತಾಡಿಕೊಂಡು ಉತ್ತರ ಕೊಡುವ ಅವಕಾಶ ಅವರಿಗಿರಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಅವರು ಬಂದದ್ದು 2016ರ ಜೂನ್‌ನಲ್ಲಿ. ಆಗ ಬಾಡಿಗೆ 14,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, ಅಂದರೆ 1,40,000. ಬೆಂಗಳೂರಿನ ವಾಡಿಕೆಯಂತೆ ಹನ್ನೊಂದು ತಿಂಗಳ ಕರಾರುಪತ್ರ. ಪ್ರತಿ ನವೀಕರಣಕ್ಕೆ ಶೇಕಡ 5ರಷ್ಟು ಏರಿಕೆ ಎಂಬ ಷರತ್ತು ಅದರಲ್ಲಿತ್ತು. ಆ ಷರತ್ತನ್ನು ನಾನು ಸರಿಯಾಗಿ ಪಾಲಿಸಲಿಲ್ಲ. 2018ರಲ್ಲಿ 15,000 ಆಯಿತು. ಆಮೇಲೆ ಕೊರೋನಾ ಬಂತು, ಕೇಳುವ ಮನಸ್ಸಾಗಲಿಲ್ಲ. 2022ರ ನವೆಂಬರ್‌ನಿಂದ 16,500. ಅಲ್ಲಿಂದ ಎರಡು ಸಲ ಇ-ಸ್ಟಾಂಪ್ ಕಾಗದ ತಂದು ಕರಾರನ್ನು ಹೊಸದಾಗಿ ಬರೆಸಿದರೂ ಬಾಡಿಗೆಯ ಜಾಗದಲ್ಲಿ ಹಳೆಯ ಮೊತ್ತವನ್ನೇ ಬರೆಸಿದ್ದೆವು. ಈಗಿನ ಕರಾರು ಜುಲೈ 31ಕ್ಕೆ ಮುಗಿಯುವುದಿತ್ತು. ಅವಧಿಯ ನಡುವೆ ಏಕಾಏಕಿ ಏರಿಸುವಂತಿಲ್ಲವಾದ್ದರಿಂದ, ಎರಡು ತಿಂಗಳು ಮುಂಚೆ ತಿಳಿಸಿ ಆಗಸ್ಟ್ 1ರಿಂದ ಜಾರಿಗೆ ತರುವುದು ಸರಿಯಾದ ಕ್ರಮವಾಗಿತ್ತು. ಅವರಿಗೆ ಒಪ್ಪಿಗೆಯಾಗದಿದ್ದರೆ ಬೇರೆ ಮನೆ ನೋಡಲು ಅಷ್ಟು ಸಮಯವಾದರೂ ಬೇಡವೇ?

ಮೊದಲ ಪ್ರತಿಯಲ್ಲಿ ನಾನು ಬರೆದ ಮೊತ್ತ 22,800. 14,000ಕ್ಕೆ ಹತ್ತು ನವೀಕರಣಗಳಲ್ಲಿ ಪ್ರತಿ ಸಲ ಶೇಕಡ 5 ಸೇರಿಸುತ್ತ ಹೋದರೆ ಅಲ್ಲಿಗೆ ಬರುತ್ತದೆ. ನಮ್ಮ ಬೀದಿಯಲ್ಲೇ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ತೂಗುಹಾಕಿದ್ದ ಒಂದು ಮನೆಗೆ 26,000 ಹೇಳುತ್ತಿದ್ದರು. ಅದನ್ನೂ ಕಾರಣವಾಗಿ ಬರೆದಿದ್ದೆ. ಪತ್ರವನ್ನು ಓದಿದ ನನ್ನ ಹೆಂಡತಿ, “ಆ ಮನೆಗೆ ಕಾರು ನಿಲ್ಲಿಸೋಕೆ ಜಾಗ ಇದೆ, ಹೊಸ ಟೈಲ್ಸ್ ಹಾಕಿಸಿದ್ದಾರೆ. ನಮ್ಮಲ್ಲಿ ಎರಡು ಸ್ಕೂಟರ್ ನಿಂತರೆ ಗೇಟು ತೆಗೆಯೋಕಾಗಲ್ಲ. ಹೇಗ್ರೀ ಹೋಲಿಸ್ತೀರಿ?” ಎಂದಳು. ಆ ಮಾತು ಸರಿಯಾಗಿತ್ತು. ಜೊತೆಗೆ, ನಾವೇ ಹಳೆಯ ಮೊತ್ತಕ್ಕೆ ಸಹಿ ಹಾಕಿಕೊಟ್ಟ ವರ್ಷಗಳ ಏರಿಕೆಯನ್ನು ಈಗ ಒಟ್ಟಿಗೆ ಕೇಳಿದರೆ, ಒಂದೇ ತಿಂಗಳಲ್ಲಿ ಅವರ ಮೇಲೆ 6,300 ರೂಪಾಯಿ ಬೀಳುತ್ತದೆ. ಬಿಟ್ಟುಕೊಟ್ಟದ್ದನ್ನು ಬಾಕಿಯೆಂದು ಎಣಿಸುವುದು ನ್ಯಾಯವಲ್ಲ ಎಂದು ಆ ಪ್ರತಿಯನ್ನು ಹರಿದುಹಾಕಿದೆ.

ಎರಡನೆಯ ಪ್ರತಿಯಲ್ಲಿ ಏರಿಕೆಗೆ ಮನೆಯ ಖರ್ಚನ್ನೇ ಕಾರಣವಾಗಿ ತೋರಿಸೋಣವೆಂದು ರಸೀತಿಗಳ ಕಡತವನ್ನು ಬಿಚ್ಚಿದೆ. ಆಸ್ತಿ ತೆರಿಗೆಯಲ್ಲಿ, ಸ್ವಂತ ವಾಸದ ಭಾಗಕ್ಕಿಂತ ಬಾಡಿಗೆಗೆ ಕೊಟ್ಟ ಭಾಗಕ್ಕೆ ಪಾಲಿಕೆಯ ದರ ಎರಡು ಪಟ್ಟು. ಮಹಡಿಯ ಪಾಲಿನ ತೆರಿಗೆ ಅವರು ಬಂದಾಗಿದ್ದಕ್ಕಿಂತ ತಿಂಗಳಿಗೆ ಸುಮಾರು 200 ರೂಪಾಯಿ ಹೆಚ್ಚಾಗಿತ್ತು. ಹಿಂದಿನ ವರ್ಷ ಅವರ ಅಡುಗೆಮನೆಯ ಸೂರು ಸೋರಿದ್ದರಿಂದ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದೆ, 68,000 ಖರ್ಚಾಗಿತ್ತು. ಎಂಟು ವರ್ಷ ಬಾಳುತ್ತದೆಂದು ಹಂಚಿದರೆ ತಿಂಗಳಿಗೆ ಸುಮಾರು 700. ಆದರೆ ತಾರಸಿ ಗಟ್ಟಿಯಾದರೆ ಕಟ್ಟಡ ಉಳಿಯುವುದು ನನಗೆ, ಸೋರದ ಮನೆಯಲ್ಲಿ ವಾಸಿಸುವುದು ಮಾತ್ರ ಅವರಿಗೆ. ಆದ್ದರಿಂದ ಅರ್ಧವನ್ನಷ್ಟೇ, ಅಂದರೆ 350ನ್ನು ಲೆಕ್ಕಕ್ಕೆ ಹಿಡಿದೆ. ಸಂಪು ತೊಳೆಸುವುದು, ಮೋಟಾರಿನ ಕರೆಂಟು, ಮೆಟ್ಟಿಲ ದೀಪ, ಕಸದ ಶುಲ್ಕ, ಇವೆಲ್ಲ ಸೇರಿ ಇನ್ನೊಂದು 350.

ಆ ಪಟ್ಟಿಗೆ ನಾನು ನೀರಿನ ಬಿಲ್ಲನ್ನೂ ಸೇರಿಸಿದ್ದೆ. ಏಪ್ರಿಲ್‌ನಲ್ಲಿ ಜಲಮಂಡಳಿ ಹತ್ತು ವರ್ಷಕ್ಕೂ ಮೀರಿದ ಅಂತರದ ನಂತರ ದರ ಏರಿಸಿತ್ತು, ಅದು ಎಲ್ಲರಿಗೂ ಗೊತ್ತಿದ್ದ ಸುದ್ದಿ, ಕಾರಣವಾಗಿ ಬರೆಯಲು ಸುಲಭ. ಇಲ್ಲೂ ನನ್ನನ್ನು ತಡೆದದ್ದು ಹೆಂಡತಿಯೇ. ನಮ್ಮದು ಒಂದೇ ಮೀಟರು, ಬಿಲ್ಲನ್ನು ಪ್ರತಿ ತಿಂಗಳು ಎರಡು ಮನೆಗೂ ಸಮನಾಗಿ ಹಂಚಿಕೊಳ್ಳುತ್ತೇವೆ. ಅಂದರೆ ಏರಿದ ದರದ ಅರ್ಧವನ್ನು ಅವರು ಆಗಲೇ ಕೊಡುತ್ತಿದ್ದಾರೆ. ಅದನ್ನೇ ಬಾಡಿಗೆಗೂ ಕಾರಣ ಮಾಡಿದರೆ ಒಂದೇ ಖರ್ಚನ್ನು ಎರಡು ಸಲ ವಸೂಲು ಮಾಡಿದಂತಾಗುತ್ತಿತ್ತು. ಬಾಡಿಗೆ ಪತ್ರ ಬರೆಯುವ ಮಾಲೀಕರು ಎಡವುವ ಜಾಗ ಇದೇ ಎಂದು ನನಗನ್ನಿಸುತ್ತದೆ. ಏರಿದ ಖರ್ಚು ಕಣ್ಣಿಗೆ ಬೀಳುತ್ತದೆ, ಅದನ್ನು ಈಗಾಗಲೇ ಯಾರು ಭರಿಸುತ್ತಿದ್ದಾರೆಂಬುದು ಮರೆತುಹೋಗುತ್ತದೆ.

ನೀರನ್ನು ತೆಗೆದ ಮೇಲೆ ಉಳಿದದ್ದು 900 ರೂಪಾಯಿ ಮಾತ್ರ. ನನಗೆ ಬೇಕಿದ್ದುದು ಅದಕ್ಕಿಂತ ಹೆಚ್ಚು, ಏಕೆಂದರೆ ನಿವೃತ್ತಿಯ ನಂತರ ನಮ್ಮ ಸಂಸಾರ ನಡೆಯುವುದು ಪಿಂಚಣಿ ಮತ್ತು ಈ ಬಾಡಿಗೆಯಿಂದ. ಹಾಗೆಂದು ಉಳಿದ ಮೊತ್ತವನ್ನೂ ರಿಪೇರಿಯ ತಲೆಗೆ ಕಟ್ಟಿದರೆ ಅದು ಸುಳ್ಳು. ಕೊನೆಗೆ ಕರಾರಿನ ಷರತ್ತಿಗೇ ಮರಳಿದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ನಮ್ಮಂಥ ಮನೆಗೆ ಇಷ್ಟೇ ಬಾಡಿಗೆಯೆಂದು ಬೇರೆ ಯಾರೂ ನಿಗದಿ ಮಾಡುವುದಿಲ್ಲ. ಇಬ್ಬರೂ ಸಹಿ ಹಾಕಿದ ಕಾಗದವೇ ಆಧಾರ. 2022ರ 16,500 ಇಬ್ಬರೂ ಒಪ್ಪಿ ನಿಗದಿ ಮಾಡಿದ ಮೊತ್ತ. ಅದರ ನಂತರದ ಮೂರು ನವೀಕರಣಗಳಿಗೆ, ಬರಲಿರುವುದೂ ಸೇರಿ, ಶೇಕಡ 5ರಂತೆ ಕೂಡಿಸಿದರೆ 17,325, ಆಮೇಲೆ 18,191, ಆಮೇಲೆ 19,101. ಅದನ್ನು 19,000ಕ್ಕೆ ಇಳಿಸಿದೆ.

ಮೂರನೆಯ ಪ್ರತಿಯೇ ಕೊನೆಯದಾಯಿತು. ಅದರ ಮುಖ್ಯ ಭಾಗ ಹೀಗಿತ್ತು: “ಆಗಸ್ಟ್ 1ರಿಂದ ಬಾಡಿಗೆಯನ್ನು 16,500ರಿಂದ 19,000 ರೂಪಾಯಿಗೆ ಪರಿಷ್ಕರಿಸಲು ಉದ್ದೇಶಿಸಿದ್ದೇನೆ. ಹೆಚ್ಚಳವಾದ 2,500ರಲ್ಲಿ ಸುಮಾರು 900 ರೂಪಾಯಿ ತೆರಿಗೆ ಮತ್ತು ನಿರ್ವಹಣೆಯ ಖರ್ಚಿಗೆ ಸಂಬಂಧಿಸಿದ್ದು, ಅದರ ವಿವರ ಲಗತ್ತಿಸಿದೆ. ಉಳಿದದ್ದು ಕರಾರಿನ ಶೇಕಡ 5ರ ಷರತ್ತಿನಂತೆ ನನ್ನ ಆದಾಯಕ್ಕೆ ಸೇರುತ್ತದೆ. ಕಳೆದ ಅವಧಿಗಳಿಗೆ ಯಾವುದೇ ಬಾಕಿ ಇರುವುದಿಲ್ಲ. ಅಡ್ವಾನ್ಸ್ ಹಣ 1,40,000 ರೂಪಾಯಿ ಈಗಿರುವಂತೆಯೇ ಮುಂದುವರಿಯುತ್ತದೆ. ತಮ್ಮ ಅಭಿಪ್ರಾಯವನ್ನು ಜೂನ್ 30ರೊಳಗೆ ತಿಳಿಸಬೇಕಾಗಿ ಕೋರುತ್ತೇನೆ.” ಅಡ್ವಾನ್ಸಿನ ಮಾತನ್ನು ಬೇಕೆಂದೇ ಸೇರಿಸಿದೆ. ಬಾಡಿಗೆ ಏರಿದೊಡನೆ ಹತ್ತು ತಿಂಗಳ ಲೆಕ್ಕದಲ್ಲಿ ಇನ್ನೂ 50,000 ಕೇಳುತ್ತಾರೇನೋ ಎಂಬ ಚಿಂತೆ ಅವರಿಗೆ ಒಂದು ರಾತ್ರಿಯೂ ಇರಬಾರದು.

ಜೂನ್ 1ರಂದು ಪತ್ರವನ್ನು ನಾನೇ ಮೇಲೆ ಹೋಗಿ ಕೊಟ್ಟು, ನನ್ನ ಪ್ರತಿಯ ಮೇಲೆ ತಲುಪಿದ ದಿನಾಂಕದೊಂದಿಗೆ ಸಹಿ ಪಡೆದುಕೊಂಡೆ. ನಾಲ್ಕನೆಯ ದಿನ ಅವರು ಕೆಳಗೆ ಬಂದರು. ಕೈಯಲ್ಲಿದ್ದ ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಮೊತ್ತಗಳನ್ನೂ ಕೂಡಿ ನೋಡಿದ ಗುರುತಿತ್ತು. “ಲೆಕ್ಕ ಸರಿ ಇದೆ ಸಾರ್. ಆದರೆ ನಿರ್ವಹಣೆ ಅಂತ ಬರೆದಿದ್ದೀರಿ, ಬಚ್ಚಲುಮನೆಯ ನೀರು ಎರಡು ತಿಂಗಳಿಂದ ನಿಧಾನವಾಗಿ ಹೋಗ್ತಿದೆ. ಅದನ್ನು ಆಗಸ್ಟಿನ ಒಳಗೆ ಸರಿ ಮಾಡಿಸಿಕೊಡಿ” ಎಂದರು. ಎರಡು ತಿಂಗಳ ತೊಂದರೆಯನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಫೀಸಿಗೆ ಎಚ್‌ಆರ್‌ಎ ಲೆಕ್ಕ ತೋರಿಸಲು ಹೊಸ ಕರಾರಿನ ನಕಲು ಬೇಕಾಗುತ್ತದೆ ಎಂದೂ ನೆನಪಿಸಿದರು.

ಮಾರನೆಯ ದಿನವೇ ಪ್ಲಂಬರ್‌ಗೆ ಫೋನ್ ಮಾಡಿದೆ. ಬಚ್ಚಲಿನ ಪೈಪು ಬದಲಾಯಿಸಲು 4,200 ರೂಪಾಯಿ ಆಯಿತು; ಅದನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ.